ಮಾರದೆ ಉಳಿದ ಮತ್ತು ನಿಧಾನವಾಗಿ ಹೋಗುವ ಸಾಮಾನಿನ ವರದಿ: ಫೆಬ್ರವರಿ 2026

ಸ್ಥಳ: ಸಾಗರ, ಹಾರ್ಡ್‌ವೇರ್ ಮತ್ತು ಕೃಷಿ ಸಲಕರಣೆ ವಿಭಾಗ
ದಿನಾಂಕ: 2 ಮಾರ್ಚ್ 2026
ಬಿಲ್ ನೋಡಿದ ಅವಧಿ: 1 ಮಾರ್ಚ್ 2024ರಿಂದ 28 ಫೆಬ್ರವರಿ 2026
ದರಗಳೆಲ್ಲ ಜಿಎಸ್‌ಟಿ ಬಿಟ್ಟು

ಯಜಮಾನರಿಗೆ,

ಅಂಗಡಿ ಮತ್ತು ಎರಡೂ ಗೋಡೌನ್ ಸೇರಿ ಈಗ ಖರೀದಿ ದರದಲ್ಲಿ ₹38,60,000 ಸಾಮಾನಿದೆ. ಇದರಲ್ಲಿ ₹6,84,000 ಬೆಲೆಯ 212 ಐಟಂ ಕಳೆದ 180 ದಿನಗಳಲ್ಲಿ ಒಂದೂ ಹೋಗಿಲ್ಲ. ಆದರೆ ಈ 212ನ್ನೂ ಡೆಡ್ ಸ್ಟಾಕ್ ಅಂತ ಬೋರ್ಡ್ ಹಾಕಿ ಮಾರಿದರೆ ಜೂನ್‌ನಲ್ಲಿ ನಮಗೇ ತೊಂದರೆ. ಅದಕ್ಕೇ ಪಟ್ಟಿಯನ್ನು ಮೂರು ಭಾಗ ಮಾಡಿದ್ದೇನೆ. ನಿಜವಾಗಿ ಡೆಡ್ ಆಗಿರುವುದು 103 ಐಟಂ, ₹2,85,000. ನಿಧಾನವಾಗಿ ಹೋಗುವುದು 68 ಐಟಂ, ₹1,62,000. ಉಳಿದ 41 ಐಟಂ, ₹2,37,000, ಬರೀ ಸೀಸನ್ ಸಾಮಾನು.

ಸೀಸನ್ ಸಾಮಾನಿನ ಮಾತು ಮೊದಲು ಹೇಳಬೇಕು. ಫೆಬ್ರವರಿ ಕೊನೆಯಿಂದ 180 ದಿನ ಹಿಂದೆ ಹೋದರೆ ಸೆಪ್ಟೆಂಬರ್ ಶುರು. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲ ಸಲ ಮಳೆ ಹಿಡಿಯುವ ಮುನ್ನ, ಎರಡನೇ ಸಲ ಸುಮಾರು 40-45 ದಿನ ಬಿಟ್ಟು. ಹಾಗಾಗಿ ಸ್ಪ್ರೇ ಹೋಸ್, ಹಿತ್ತಾಳೆ ನಾಜಲ್, ಮದ್ದು ಹೊಡೆಯುವ ಪಂಪಿನ ವಾಷರ್, ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಎಲ್ಲವೂ ಈ ತಿಂಗಳ ರಿಪೋರ್ಟಿನಲ್ಲಿ ಸತ್ತ ಹಾಗೆ ಕಾಣುತ್ತವೆ. ಎರಡು ವರ್ಷದ ಬಿಲ್ ತೆಗೆದು ತಿಂಗಳವಾರು ಇಟ್ಟು ನೋಡಿದೆ. 2024ರಲ್ಲೂ 2025ರಲ್ಲೂ ಈ 41 ಐಟಂ ಹೋಗಿದ್ದು ಹೆಚ್ಚು ಕಡಿಮೆ ಮೇ ಮಧ್ಯದಿಂದ ಆಗಸ್ಟ್ ಒಳಗೇ. ಇವುಗಳಿಗೆ ಒಂದು ರೂಪಾಯಿಯೂ ಇಳಿಸಬೇಡಿ. ವಾಷರ್‌ನಂಥ ಬಿಡಿ ಭಾಗಗಳನ್ನು ಸೀಸನ್ ಬಿಟ್ಟರೂ ಇಟ್ಟುಕೊಳ್ಳಲೇಬೇಕು. ಮಳೆ ನಡುವೆ ಪಂಪು ಕೈಕೊಟ್ಟಾಗ ಇಪ್ಪತ್ತು ರೂಪಾಯಿ ವಾಷರ್ ಸಿಗುವ ಅಂಗಡಿಗೇ ರೈತರು ಮುಂದಿನ ವರ್ಷ ಹೊಸ ಪಂಪಿಗೆ ಬರುತ್ತಾರೆ.

ಲೆಕ್ಕ ತೆಗೆದ ರೀತಿ

ಟ್ಯಾಲಿಯ ಏಜಿಂಗ್ ರಿಪೋರ್ಟ್ ಸಾಮಾನು ಯಾವಾಗ ಬಂತು ಎಂಬುದನ್ನು ಹೇಳುತ್ತದೆ. ನಮಗೆ ಬೇಕಿದ್ದಿದ್ದು ಯಾವಾಗ, ಎಷ್ಟು ಜನಕ್ಕೆ ಹೋಯಿತು ಎಂಬುದು. ಹಾಗಾಗಿ ಬಿಲ್‌ಗಳನ್ನು ಎಕ್ಸೆಲ್‌ಗೆ ತೆಗೆದು, ಪ್ರತಿ ಐಟಂಗೆ ಕೊನೆಯ ಮಾರಾಟದ ದಿನ ಮತ್ತು 12 ತಿಂಗಳ ಬಿಲ್ ಸಂಖ್ಯೆ ಹೀಗೆ ತೆಗೆದೆ. A ಕಾಲಂ ದಿನಾಂಕ, C ಐಟಂ ಕೋಡ್, E ವಾಪಸ್ ಕಳೆದು ಉಳಿದ ಸಂಖ್ಯೆ:

```
=MAXIFS(Sales!A:A,Sales!C:C,A2,Sales!E:E,">0")
=COUNTIFS(Sales!C:C,A2,Sales!A:A,">="&DATE(2025,3,1),Sales!E:E,">0")
```

ವಾಪಸ್ ಬಂದದ್ದನ್ನು ಕಳೆಯದಿದ್ದರೆ ಲೆಕ್ಕ ದಾರಿ ತಪ್ಪಿಸುತ್ತದೆ. 1 ಎಚ್‌ಪಿ ಮೊನೊಬ್ಲಾಕ್ ಪಂಪ್ ಅಕ್ಟೋಬರ್ 2025ರಲ್ಲಿ ಒಂದು ಹೋಗಿದೆ ಅಂತ ಕಾಣುತ್ತಿತ್ತು. ಅದೇ ವಾರ ಅದು ವಾಪಸ್ ಬಂದು ಕ್ರೆಡಿಟ್ ನೋಟ್ ಆಗಿದೆ. ಅದನ್ನು ಬಿಟ್ಟರೆ ಎರಡು ವರ್ಷದಲ್ಲಿ ಒಂದೂ ಹೋಗಿಲ್ಲ.

ಸಂಖ್ಯೆಗಿಂತ ಬಿಲ್ ಎಷ್ಟು ಎಂಬುದನ್ನೇ ನಂಬಿದ್ದೇನೆ. ಹಳೆ ನಮೂನೆಯ ಒಂದು ಸ್ಪ್ರಿಂಕ್ಲರ್ ಪೈಪ್ ವರ್ಷಕ್ಕೆ 120 ಲೆಂತ್ ಹೋಗಿದೆ, ತಿಂಗಳಿಗೆ 10 ಅಂತ ಲೆಕ್ಕ ಬರುತ್ತದೆ. ಬಿಲ್ ತೆಗೆದರೆ ಅಷ್ಟೂ ಒಬ್ಬ ಗುತ್ತಿಗೆದಾರರ ಒಂದೇ ಆರ್ಡರ್. ಅವರ ಕೆಲಸ ಮುಗಿದಿದೆ. ತಿಂಗಳಿಗೆ 10 ಅಂದುಕೊಂಡು ಮತ್ತೆ ತರಿಸುವ ಹಾಗಿಲ್ಲ.

ಈ 212ರಲ್ಲಿ ಕಾಣದ ಇನ್ನೊಂದು ಗುಂಪಿದೆ. ದಿನಾ ಸ್ವಲ್ಪ ಸ್ವಲ್ಪ ಹೋಗುತ್ತದೆ, ಆದರೆ ಸ್ಟಾಕ್ ವಿಪರೀತ. ಹಳೆ ಮಾದರಿಯ 6 ಆಂಪ್ ಸ್ವಿಚ್ ತಿಂಗಳಿಗೆ 40 ಹೋಗುತ್ತದೆ, ಇರುವುದು 2,200. ಅಂದರೆ 55 ತಿಂಗಳ ಮಾಲು, ₹39,600. ಹೊಸ ಮನೆಯವರು ಎಲ್ಲರೂ ಮಾಡ್ಯುಲರ್ ಕೇಳುತ್ತಿದ್ದಾರೆ, ಈ 40 ಕೂಡ ಇಳಿಯುತ್ತಲೇ ಹೋಗುತ್ತದೆ. ಇಂಥವು 23 ಐಟಂ, ₹1,94,000. ಇವುಗಳ ಖರೀದಿ ಇವತ್ತಿನಿಂದಲೇ ನಿಲ್ಲಿಸಬೇಕು.

ಕೈಯಲ್ಲಿ ಎಣಿಸಿದ್ದು

ಪಟ್ಟಿ ಹಿಡಿದು ಗೋಡೌನ್‌ನಲ್ಲಿ ಎಣಿಸಿದಾಗ 14 ಐಟಂ ಲೆಕ್ಕಕ್ಕೂ ಕಪಾಟಿಗೂ ಹೊಂದಲಿಲ್ಲ. ಎಲ್ಲವೂ ಸಣ್ಣ ಫಿಟ್ಟಿಂಗ್. ಕೆಲವು ಬೇರೆ ಸೈಜಿನ ಹೆಸರಲ್ಲಿ ಬಿಲ್ ಆಗಿರಬಹುದು. ಮಾರ್ಚ್ 31ಕ್ಕೆ ಮುಂಚೆ ಸರಿಪಡಿಸುತ್ತೇನೆ. ಕೆಳಗೆ ಕೊಟ್ಟ ಸಂಖ್ಯೆಗಳೆಲ್ಲ ಎಣಿಸಿದ ಸಂಖ್ಯೆಗಳೇ.

ಡೆಡ್ ಸ್ಟಾಕ್: ದೊಡ್ಡ ಐದು

| ಐಟಂ | ಉಳಿದದ್ದು | ಖರೀದಿ ದರ | ಕೊನೆಯ ಮಾರಾಟ | ಮಾರ್ಚ್ 5ರಿಂದ | ಮಾರ್ಚ್ 21ರಿಂದ |
|---|---|---|---|---|---|
| 1 ಎಚ್‌ಪಿ ಮೊನೊಬ್ಲಾಕ್ ಪಂಪ್ | 5 | ₹6,400 | 24 ತಿಂಗಳಲ್ಲಿ ಇಲ್ಲ | ₹5,900 | ₹5,300 |
| ಟಿಂಟ್ ಮಾಡಿದ ಪೇಂಟ್, 20 ಲೀಟರ್ | 9 | ₹2,900 | ಗಿರಾಕಿ ಒಯ್ದಿಲ್ಲ | ₹1,900 | ₹1,400 |
| ಬಣ್ಣದ ವಾಷ್ ಬೇಸಿನ್ ಸೆಟ್ | 14 | ₹1,650 | 24 ತಿಂಗಳಲ್ಲಿ ಇಲ್ಲ | ₹1,400 | ₹1,100 |
| 18 ವ್ಯಾಟ್ ಸಿಎಫ್‌ಎಲ್ | 96 | ₹110 | ಜುಲೈ 2024 | ₹40 | ₹20 |
| ಹಳೆ ಡಬ್ಬಿ ಫ್ಯಾನ್ ರೆಗ್ಯುಲೇಟರ್ | 60 | ₹135 | ನವೆಂಬರ್ 2024 | ₹90 | ₹60 |

ಇವುಗಳಲ್ಲೇ ₹99,860 ಕೂತಿದೆ. ಎಲ್ಲವೂ ಮೊದಲ ದರದಲ್ಲಿ ಹೋದರೆ ₹75,440 ಬರುತ್ತದೆ, ಎಲ್ಲವೂ ಎರಡನೇ ದರಕ್ಕೆ ಇಳಿದರೆ ₹60,020.

ನಷ್ಟಕ್ಕೆ ಯಾಕೆ ಮಾರಬೇಕು ಅಂತ ನೀವು ಕೇಳೇ ಕೇಳುತ್ತೀರಿ. ಬೇಸಿನ್ ತೆಗೆದುಕೊಳ್ಳಿ. ₹2,250ರ ಚೀಟಿ ಹಚ್ಚಿಕೊಂಡು ಎರಡು ವರ್ಷ ಶೋಕೇಸಿನಲ್ಲಿ ನಿಂತಿದೆ. ಗುಲಾಬಿ, ತಿಳಿಹಸಿರು ಈಗ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬಿಳಿ ಬೇಕು. ₹1,650 ನಾವು ಕೊಟ್ಟ ದರ, ಗಿರಾಕಿ ಅದನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಬಾಡಿಗೆ ಮನೆ ಕಟ್ಟಿಸುವವರು ₹1,400ಕ್ಕೆ ಒಯ್ಯಬಹುದು. ಈ ಕಡೆ ಡೆಡ್ ಆದ ₹2,85,000ಕ್ಕೆ ನಾವು ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ಶೇ 11ರಂತೆ ವರ್ಷಕ್ಕೆ ₹31,350 ಬಡ್ಡಿ ಕಟ್ಟುತ್ತಿದ್ದೇವೆ. ಅದೇ ದುಡ್ಡು ಏಪ್ರಿಲ್‌ನಲ್ಲಿ ಕೈಗೆ ಬಂದರೆ ಮೈಲುತುತ್ತ, ಹೋಸ್ ಎಲ್ಲ ನಗದಿಗೆ ತರಬಹುದು. ಆಗಸ್ಟ್ ಒಳಗೆ ಅದು ಲಾಭ ಸಮೇತ ತಿರುಗಿ ಬರುತ್ತದೆ. ಕಳೆದ ವರ್ಷ ಜೂನ್‌ನಲ್ಲಿ ಮೈಲುತುತ್ತ ಖಾಲಿಯಾಗಿ ಗಿರಾಕಿಗಳು ವಾಪಸ್ ಹೋದದ್ದು ನಿಮಗೆ ನೆನಪಿದೆ ಅಲ್ವಾ? ಆಗಲೂ ಈ ಬೇಸಿನ್‌ಗಳು ಇಲ್ಲೇ ಇದ್ದವು.

ಪಂಪಿನ ವಿಷಯದಲ್ಲಿ ಮೊದಲು ವಿತರಕರನ್ನೇ ಕೇಳೋಣ. ಐದಕ್ಕೆ ಬದಲು ಹೋಗುವ ಮಾದರಿ ಕೊಟ್ಟರೆ ಸ್ವಲ್ಪ ಕಡಿತವಾದರೂ ಒಪ್ಪಿಕೊಳ್ಳಿ, ನಾವೇ ಇಳಿಸಿ ಮಾರುವುದಕ್ಕಿಂತ ಅದು ಒಳ್ಳೆಯದು. ಮಾರುವುದೇ ಆದರೆ ಪ್ರತಿಯೊಂದರ ಶಾಫ್ಟ್ ಕೈಯಲ್ಲಿ ತಿರುಗಿಸಿ, ನೀರು ಹಾಕಿ ಓಡಿಸಿ ತೋರಿಸಿಯೇ ಕೊಡಬೇಕು. ಎರಡು ವರ್ಷ ಓಡದ ಪಂಪು ಜಾಮ್ ಆಗಿರಬಹುದು, ಸೀಲ್ ಒಣಗಿರಬಹುದು. ವಾರಂಟಿ ಎಷ್ಟು ಉಳಿದಿದೆ ಎಂಬುದನ್ನು ಕಂಪನಿಯವರಿಂದ ಬರೆಸಿಕೊಂಡ ಮೇಲೇ ಗಿರಾಕಿಗೆ ಹೇಳಬೇಕು.

ಪೇಂಟ್ ಡಬ್ಬಿಯ ತಯಾರಿಕೆ ದಿನಾಂಕ ನೋಡಿ, ತೆರೆದು ಕಲಕಿ, ಗಟ್ಟಿಯಾದದ್ದನ್ನು ಪಕ್ಕಕ್ಕಿಡಬೇಕು. ಚೆನ್ನಾಗಿರುವುದನ್ನು ಕೊಟ್ಟಿಗೆ, ಗೋಡೌನ್, ಕಾಂಪೌಂಡ್ ಗೋಡೆಗೆ ಅಂತ ಪೇಂಟರ್‌ಗಳಿಗೆ ಹೇಳಿದರೆ ಸಾಕು. ಯುಗಾದಿ ಮಾರ್ಚ್ 19ಕ್ಕೆ, ಸುಣ್ಣಬಣ್ಣದ ಕೆಲಸ ಈಗ ನಡೆಯುವ ಹೊತ್ತು. ಎರಡನೇ ದರವನ್ನು ಹಬ್ಬ ಕಳೆದ ಮೇಲೇ ಇಟ್ಟಿದ್ದು ಅದಕ್ಕೇ.

ಸಿಎಫ್‌ಎಲ್ ಒಳಗೆ ಪಾದರಸ ಇರುತ್ತದೆ. ಉಳಿದದ್ದನ್ನು ಗುಜರಿಗೆ ಹಾಕುವಂತಿಲ್ಲ, ಕಸದ ಗಾಡಿಗೂ ಕೊಡಬಾರದು. ಅದು ಇ-ತ್ಯಾಜ್ಯದ ನಿಯಮದಡಿ ಬರುತ್ತದೆ. ಮಾರ್ಚ್ ಕೊನೆಗೆ ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕಳಿಸೋಣ.

ಮಾರಲೇಬಾರದ್ದು

ಪಿವಿಸಿ ಸಾಲ್ವೆಂಟ್ ಸಿಮೆಂಟ್ 250 ಮಿಲಿಯ 48 ಡಬ್ಬಿಗೆ ಅವಧಿ ಮುಗಿದಿದೆ. ಬೆಲೆ ₹5,040. ಅರ್ಧ ದರಕ್ಕೆ ಕೇಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಗೋಡೆಯೊಳಗಿನ ಜಾಯಿಂಟ್ ಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ, ಹೆಸರು ನಮ್ಮದು ಹೋಗುತ್ತದೆ. ಇದನ್ನು ರೈಟ್ ಆಫ್ ಮಾಡಿ, ಖರೀದಿಯಲ್ಲಿ ಪಡೆದ ಶೇ 18ರ ಇನ್‌ಪುಟ್ ಕ್ರೆಡಿಟ್ ₹907 ಹಿಂದಿರುಗಿಸಬೇಕು.

ರೆಗ್ಯುಲೇಟರ್‌ಗಳನ್ನು ಹಬ್ಬಕ್ಕೆ ಫ್ಯಾನ್ ಜೊತೆ ಉಡುಗೊರೆ ಕೊಡುವ ಮಾತು ಬಂದಿತ್ತು. ಉಡುಗೊರೆಯಾಗಿ ಕೊಟ್ಟ ಸಾಮಾನಿಗೂ ಸಿಜಿಎಸ್‌ಟಿ ಕಾಯ್ದೆಯ 17(5)(h) ಪ್ರಕಾರ ಕ್ರೆಡಿಟ್ ಸಿಗುವುದಿಲ್ಲ. ಖರೀದಿಗಿಂತ ಕಡಿಮೆ ದರಕ್ಕೆ ಮಾರಿದರೆ ಆ ತೊಂದರೆ ಇಲ್ಲ, ಬಿಲ್ ಮೊತ್ತದ ಮೇಲೆ ತೆರಿಗೆ ಕಟ್ಟಿದರೆ ಆಯಿತು. ಹಾಗಾಗಿ ₹60 ಆದರೂ ಸರಿ, ಬೆಲೆ ಹಾಕಿ ಬಿಲ್ ಮಾಡೋಣ.

ಉಳಿದ 97 ಸಣ್ಣ ಐಟಂ, ₹1,80,100

ಹಳೆ ನಮೂನೆಯ ನಲ್ಲಿ, ತಿರುಗಣಿ, ಚಿಲಕ, ಹೋಲ್ಡರ್ ಇಂಥವು. ಒಂದೊಂದಾಗಿ ಬೆಲೆ ಕಟ್ಟುತ್ತಾ ಕೂರುವುದು ಬೇಡ. ಬಾಕ್ಸ್ ಲೆಕ್ಕದಲ್ಲಿ ಖರೀದಿ ದರದ ಅರ್ಧಕ್ಕೆ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿಗಳಿಗೆ ಕೊಡೋಣ. ಅರ್ಧದಷ್ಟು ಸಾಮಾನು ಹೋದರೂ ₹45,000 ಬರುತ್ತದೆ. ಹೋಗದ ಹಿತ್ತಾಳೆ ಸಾಮಾನನ್ನು ಮಾತ್ರ ಬೇರೆ ಇಡಿ, ತೂಕಕ್ಕೆ ಹಾಕಿದರೂ ಅದಕ್ಕೆ ಒಳ್ಳೆ ಬೆಲೆ ಇದೆ.

ನಿಧಾನ ಸಾಮಾನು

68ರಲ್ಲಿ ಹೆಚ್ಚಿನವಕ್ಕೆ ಈಗ ದರ ಇಳಿಸುವುದು ಬೇಡ, ಹೊಸದಾಗಿ ತರಿಸುವುದು ನಿಲ್ಲಿಸಿದರೆ ಸಾಕು. ಉದಾಹರಣೆಗೆ 16 ಎಂಎಂ ಡ್ರಿಪ್ ಲ್ಯಾಟರಲ್ 11 ರೋಲ್, ₹35,200. ಕೊನೆಗೆ ಹೋಗಿದ್ದು ಮೇ 2025ರಲ್ಲಿ. ಬೇಸಿಗೆ ಈಗಷ್ಟೇ ಶುರುವಾಗಿದೆ, ಅದರ ಹೊತ್ತು ಇದೇ. 22 ಸೆಪ್ಟೆಂಬರ್ 2025ರಿಂದ ಡ್ರಿಪ್‌ಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ನಾವು ದರ ಮುಟ್ಟದಿದ್ದರೂ ರೈತರಿಗೆ ಬಿಲ್ ಕಡಿಮೆ ಆಗುತ್ತದೆ. ಕೌಂಟರ್‌ನಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು, ಹಳೆ ಎಂಆರ್‌ಪಿ ನೋಡಿ ಸುಮ್ನೆ ವಾಪಸ್ ಹೋಗುವವರಿದ್ದಾರೆ. ಮೇ 15ಕ್ಕೆ ಆರು ರೋಲ್‌ಗಿಂತ ಜಾಸ್ತಿ ಉಳಿದರೆ ಆಗ ಶೇ 8 ಇಳಿಸೋಣ.

ಮಾರುವಾಗಿನ ನಿಯಮ

ಇಳಿಕೆ ದರದ ಸಾಮಾನು ಉದ್ರಿ ಇಲ್ಲ. ಯಾರೇ ಆಗಲಿ, ಎಷ್ಟೇ ಹಳೆ ಗಿರಾಕಿ ಆಗಲಿ. ಉದ್ರಿ ಕೊಟ್ಟರೆ ಗೋಡೌನ್‌ನಲ್ಲಿ ಕೂತ ದುಡ್ಡು ಖಾತೆ ಪುಸ್ತಕದಲ್ಲಿ ಹೋಗಿ ಕೂರುತ್ತದೆ, ಅಷ್ಟೇ. ಈ ಸಾಮಾನು ಹಿಂದಿನ ಬಾಗಿಲ ಪಕ್ಕ ಬೇರೆಯಾಗಿ ಇರಲಿ, ಹೊಸ ಮಾಲಿನ ಜೊತೆ ಬೆರೆಸಬಾರದು. ಬೆರೆಸಿದರೆ ಗಿರಾಕಿ ಎಲ್ಲದಕ್ಕೂ ಅದೇ ರಿಯಾಯಿತಿ ಕೇಳುತ್ತಾರೆ. ಕೌಂಟರ್ ಹುಡುಗರು ಪಟ್ಟಿಯ ದರಕ್ಕಿಂತ ಕೆಳಗೆ ಇಳಿಯುವುದಾದರೆ ನಿಮ್ಮನ್ನು ಕೇಳಬೇಕು. ಓಡದ ಪಂಪು, ಬಿರುಕು ಬಿಟ್ಟ ಬೇಸಿನ್ ಮಾತ್ರ ವಾಪಸ್ ತೆಗೆದುಕೊಳ್ಳೋಣ. ಮನಸ್ಸು ಬದಲಾಯಿತು ಅಂದರೆ ಇಲ್ಲ.

ಮಾರ್ಚ್ 31ಕ್ಕೂ ಉಳಿದದ್ದನ್ನು ಖರೀದಿ ದರ ಮತ್ತು ಮಾರಿದರೆ ಬರುವ ದರ, ಇವೆರಡರಲ್ಲಿ ಕಡಿಮೆ ಯಾವುದೋ ಆ ದರದಲ್ಲಿ ಸ್ಟಾಕ್‌ಗೆ ತೋರಿಸಬೇಕು. ಆಡಿಟರಿಗೆ ಕೊಡಲು ಈ ಪಟ್ಟಿ ಮತ್ತು ನಿಜವಾಗಿ ಮಾರಿದ ಬಿಲ್‌ಗಳನ್ನು ಒಟ್ಟಿಗೆ ಇಡುತ್ತೇನೆ.

ನಿಮ್ಮಿಂದ ಮೂರು ವಿಷಯಕ್ಕೆ ಒಪ್ಪಿಗೆ ಬೇಕು: ಮೇಲಿನ ದರಪಟ್ಟಿ, ಸಾಲ್ವೆಂಟ್ ಸಿಮೆಂಟ್ ರೈಟ್ ಆಫ್, ಮತ್ತು 23 ಐಟಂ ಖರೀದಿ ನಿಲ್ಲಿಸುವುದು. ಮಾರ್ಚ್ 4ರ ಸಂಜೆಯೊಳಗೆ ತಿಳಿಸಿದರೆ 5ರ ಬೆಳಿಗ್ಗೆ ಚೀಟಿ ಹಚ್ಚಿಸುತ್ತೇನೆ. ಪಂಪಿನ ವಿತರಕರಿಗೆ ಇವತ್ತೇ ಫೋನ್ ಮಾಡಿ, ಅವರು ಬುಧವಾರ ಈ ಕಡೆ ಬರುತ್ತಾರಂತೆ.

ಸ್ಟಾಕ್ ಮತ್ತು ಲೆಕ್ಕಪತ್ರ ವಿಭಾಗ