ಮನೆಯ ಜಿರಳೆ, ಇಲಿ ಕಾಟದ ಬಗ್ಗೆ ಓನರ್ ಅಂಕಲ್‌ಗೆ ಪತ್ರ

ಶ್ರೀನಗರ, ಬೆಂಗಳೂರು
14 ಜುಲೈ 2025

ಶ್ರೀ ನಂಜುಂಡಯ್ಯನವರಿಗೆ,
ಕುವೆಂಪುನಗರ, ಮೈಸೂರು

ವಿಷಯ: ಮೊದಲ ಮಹಡಿ ಮನೆಯಲ್ಲಿ ಮತ್ತೆ ಮತ್ತೆ ಬರುತ್ತಿರುವ ಜಿರಳೆ, ಇಲಿಗಳಿಗೆ ಪೆಸ್ಟ್ ಕಂಟ್ರೋಲ್ ಮಾಡಿಸುವ ಬಗ್ಗೆ

ಅಂಕಲ್, ನಮಸ್ಕಾರ. ನೀವು, ಆಂಟಿ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದ್ದು ಮಾತಿಗೆ ಮಾತಾಗಿ ಹೋಗುತ್ತಿದೆ. ಅದಕ್ಕೇ ಈ ಸಲ ಬರೆದೇ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಾರ್ಚ್‌ನಲ್ಲಿ ನೀವು ಕಳಿಸಿದ ಹುಡುಗ ಬಂದು ಅಡುಗೆಮನೆಗೆ ಸ್ಪ್ರೇ ಹೊಡೆದು ಹೋದ. ಆ ವಾರ ಸತ್ತ ಜಿರಳೆಗಳನ್ನು ಮೊರದಲ್ಲಿ ಗುಡಿಸಿ ಹಾಕಿದ್ದಾಯಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ಎಳ್ಳಿನ ಗಾತ್ರದ ಮರಿಗಳು ಶುರುವಾದವು. ಈಗ ರಾತ್ರಿ ಲೈಟ್ ಹಾಕಿದರೆ ಸಿಂಕ್ ಕೆಳಗಿಂದ, ಮಿಕ್ಸಿ ತಳದಿಂದ ಚೆದುರಿ ಓಡುತ್ತವೆ. ಫ್ರಿಜ್ ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದರೆ ಮಡಿಕೆಯೊಳಗೆ ಸಾಲಾಗಿ ಕೂತಿರುತ್ತವೆ. ಇವು ಮೋರಿಯಿಂದ ಬರುವ ದೊಡ್ಡ ಜಿರಳೆಗಳಲ್ಲ. ಅಡುಗೆಮನೆಯಲ್ಲೇ ಹುಟ್ಟಿ ಬೆಳೆಯುವ ಸಣ್ಣ ಕಂದು ಜಾತಿಯವು. ಒಂದೊಂದು ಮೊಟ್ಟೆ ಚೀಲದಲ್ಲಿ ಮೂವತ್ತು, ನಲವತ್ತು ಮರಿಗಳಿರುತ್ತವೆ. ಸ್ಪ್ರೇಗೆ ದೊಡ್ಡವು ಸಾಯುತ್ತವೆ, ಚೀಲದೊಳಗಿನವು ಉಳಿದುಬಿಡುತ್ತವೆ. ಬದುಕಿದ ದೊಡ್ಡವು ಪೈಪು ಹಿಡಿದು ಪಕ್ಕದ ಮನೆಗೆ ಹೋಗಿ, ವಾಸನೆ ಇಳಿದ ಮೇಲೆ ವಾಪಸ್ ಬರುತ್ತವೆ. ಎರಡನೇ ಮಹಡಿಯವರೂ ಇದೇ ಗೋಳು ಹೇಳುತ್ತಿದ್ದಾರೆ.

ಇಲಿ ವಿಷಯ ಇನ್ನೂ ಜಾಸ್ತಿ ಚಿಂತೆಯದು. ಕೆಳಗಿನ ದಿನಸಿ ಅಂಗಡಿಯವರು ಅಕ್ಕಿ ಮೂಟೆಗಳನ್ನು ನೆಲಕ್ಕೇ ಇಡುತ್ತಾರೆ. ಅಲ್ಲಿ ತಿಂದು ಬಾತ್‌ರೂಮ್ ಡಕ್ಟ್‌ನ ಪೈಪು ಹತ್ತಿ ನಮ್ಮ ಯುಟಿಲಿಟಿಗೆ ಬರುತ್ತವೆ. ಅಲ್ಲಿ ಪೈಪು ಗೋಡೆಯೊಳಗೆ ಹೋಗುವ ಕಡೆ ಸಿಮೆಂಟ್ ಉದುರಿ ಎರಡು ಬೆರಳು ಹೋಗುವಷ್ಟು ತೂತಾಗಿದೆ. ಇಲಿಗೆ ಅಷ್ಟು ಸಾಕು. ಕಾಂಪೌಂಡ್ ಒಳಗಿನ ಚೇಂಬರ್ ಮುಚ್ಚಳವೂ ಒಂದು ಮೂಲೆ ಒಡೆದಿದೆ, ಅದರ ಪಕ್ಕದಲ್ಲೇ ಮಣ್ಣು ತೋಡಿದ ಗುಂಡಿ ಕಾಣುತ್ತದೆ.

ಕಳೆದ ವಾರ ವಾಷಿಂಗ್ ಮೆಷಿನ್ ನಿಂತುಹೋಯಿತು. ರಿಪೇರಿಯವನು ಹಿಂದಿನ ಕವರ್ ಬಿಚ್ಚಿದರೆ ವೈರು ಕಡಿದು ತಾಮ್ರ ಹೊರಗೆ ಬಂದಿತ್ತು, ತಳದ ತುಂಬ ಹಿಕ್ಕೆ. ಆ ಖರ್ಚು ನಮ್ಮದೇ ಇರಲಿ. ಆದರೆ ಮೀಟರ್ ಬೋರ್ಡಿನ ವೈರಿಗೂ ಹೀಗೇ ಬಾಯಿ ಹಾಕಿದರೆ? ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಚಿಕ್ಕವಳು ಇನ್ನೂ ನೆಲದ ಮೇಲೆ ಅಂಬೆಗಾಲಿಡುವ ವಯಸ್ಸು. ಅದಕ್ಕೇ ಇಲಿ ಪಾಷಾಣ ಇಡಲು ನನಗೆ ಧೈರ್ಯವಿಲ್ಲ. ಇಟ್ಟರೂ ಅಟ್ಟದ ಸಂದಿಯಲ್ಲಿ ಎಲ್ಲೋ ಸತ್ತರೆ ಆ ನಾತ ತಡೆಯೋದು ಯಾರು ಹೇಳಿ.

“ಮಳೆ ನಿಂತರೆ ತಾನಾಗೇ ಹೋಗುತ್ತೆ” ಅಂದಿದ್ದಿರಿ. ಹೋಗಲ್ಲ ಅಂಕಲ್, ಬೇಸಿಗೆಯಲ್ಲೂ ಇದ್ದವು. ನಾವು ದಿನಸಿಯೆಲ್ಲ ಸ್ಟೀಲ್ ಡಬ್ಬದಲ್ಲೇ ಇಡುತ್ತೇವೆ, ರಾತ್ರಿ ಎಂಜಲು ಪಾತ್ರೆ ಬಿಡುವುದಿಲ್ಲ, ಕಸ ದಿನಾ ಗಾಡಿಗೆ ಹಾಕುತ್ತೇವೆ. ಬೋನು, ಅಂಟಿನ ಬೋರ್ಡು, ಜಿರಳೆ ಸೀಮೆಸುಣ್ಣ, ಎಲ್ಲ ಆಗಿದೆ. ಒಂದು ಮನೆಗಷ್ಟೇ ಮಾಡಿದರೆ ದುಡ್ಡು ದಂಡ ಅನ್ನೋದು ನನ್ನ ಅನಿಸಿಕೆ.

ಆದ್ದರಿಂದ ಅಂಗಡಿ, ನಮ್ಮ ಮನೆ, ಮೇಲಿನ ಮನೆ ಮೂರಕ್ಕೂ ಒಂದೇ ದಿನ ಪೆಸ್ಟ್ ಕಂಟ್ರೋಲ್‌ನವರಿಂದ ಮಾಡಿಸಿಕೊಡಿ. ಜಿರಳೆಗೆ ಬರೀ ಸ್ಪ್ರೇ ಬೇಡ, ಸಂದಿಗಳಿಗೆ ಜೆಲ್ ಹಾಕುವವರು ಬೇಕು. ಎರಡು ವಾರ ಬಿಟ್ಟು ಇನ್ನೊಮ್ಮೆ ಬಂದು ಹೊಸ ಮರಿಗಳನ್ನೂ ನೋಡಬೇಕು, ಇದನ್ನು ರೇಟ್ ಮಾತಾಡುವಾಗಲೇ ಒಪ್ಪಿಸಿಕೊಳ್ಳುವುದು ಒಳ್ಳೆಯದು. ಇಲಿಗೆ ಔಷಧಿ ಇಟ್ಟರೆ ಮಕ್ಕಳ ಕೈಗೆ ಸಿಗದ ಬೀಗದ ಡಬ್ಬಿಯಲ್ಲೇ ಇಡಿಸಿ. ಪೈಪಿನ ತೂತಿಗೆ ತಂತಿ ಜಾಲರಿ ತುರುಕಿ ಸಿಮೆಂಟ್ ಹಾಕಿಸಬೇಕು, ಚೇಂಬರ್ ಮುಚ್ಚಳ ಬದಲಾಯಿಸಬೇಕು. ತೂತು ಮುಚ್ಚದೆ ಔಷಧಿ ಇಟ್ಟರೆ ಸುಮ್ನೆ. ಅಂಗಡಿಯವರಿಗೆ ಮೂಟೆಗಳನ್ನು ಹಲಗೆ ಮೇಲೆ ಇಡಿ ಅಂತ ನೀವೇ ಒಂದು ಮಾತು ಹೇಳಿ. ನಾನು ಹೇಳಿದರೆ ಜಗಳ ಆಗುತ್ತೆ.

ಅಗ್ರಿಮೆಂಟ್‌ನಲ್ಲಿ ಗೋಡೆ, ಪೈಪು, ಡ್ರೈನೇಜ್ ರಿಪೇರಿ ಮಾಲೀಕರದು ಅಂತಲೇ ಇದೆ. ಈ ತಿಂಗಳು 31ರೊಳಗೆ ಕೆಲಸ ಆಗುವಂತೆ ನೋಡಿಕೊಳ್ಳಿ. ನಿಮಗೆ ಮೈಸೂರಿನಿಂದ ಓಡಾಡುವುದು ಕಷ್ಟವಾದರೆ, ಸರಿ ಅಂತ ಬರೆದು ತಿಳಿಸಿ. ನಾನೇ ನಿಂತು ಮಾಡಿಸಿ, ಬಿಲ್ ಕಳಿಸಿ, ಆಗಸ್ಟ್ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ. ಏನೂ ಆಗದಿದ್ದರೆ ನಾವು ಬೇರೆ ಮನೆ ನೋಡಬೇಕಾಗುತ್ತದೆ. ಮಗಳ ಸ್ಕೂಲು ಇಲ್ಲೇ ಹತ್ತಿರ ಇರುವುದರಿಂದ ನಮಗೆ ಅದು ಇಷ್ಟವಿಲ್ಲ.

ಶನಿವಾರ ಅಥವಾ ಭಾನುವಾರ ಆದರೆ ಅನುಕೂಲ. ಹಿಂದಿನ ದಿನ ಹೇಳಿದರೆ ಅಡುಗೆಮನೆ ಖಾಲಿ ಮಾಡಿ, ಮಕ್ಕಳನ್ನು ಅಮ್ಮನ ಮನೆಗೆ ಕಳಿಸುತ್ತೇನೆ. ತೂತು, ಚೇಂಬರ್, ಕಡಿದ ವೈರಿನ ಫೋಟೋಗಳನ್ನು ನಿಮ್ಮ ವಾಟ್ಸಾಪ್‌ಗೆ ಹಾಕಿದ್ದೇನೆ.

ಇಂತಿ,
ಸವಿತಾ
ಮೊದಲ ಮಹಡಿ ಬಾಡಿಗೆದಾರರು