ಇಬ್ಬರಿಗೂ ಇಪ್ಪತ್ತೇಳು: ಇಂಟರ್ನ್ ನೇಮಕಾತಿ ವೀಡಿಯೋ, 30 ಸೆಕೆಂಡ್

ಅಳತೆ: ಮೊಬೈಲ್‌ಗೆ ಹೊಂದುವ ಉದ್ದುದ್ದ ಚೌಕಟ್ಟು, 1080 x 1920. ಕನ್ನಡ ಅಡಿಬರಹ ಮೊದಲಿನಿಂದ ಕೊನೆಯವರೆಗೂ ಇರಲಿ, ಶಬ್ದ ಮುಚ್ಚಿಟ್ಟು ನೋಡುವವರೇ ಹೆಚ್ಚು. ಹಿನ್ನೆಲೆ ಸಂಗೀತ ಬೇಡ. ಕೀಬೋರ್ಡ್, ಕುರ್ಚಿ, ಫ್ಯಾನ್, ಮಾತು: ಕೋಣೆಯಲ್ಲಿ ಇದ್ದದ್ದೇ ಕೇಳಿಸಲಿ.

ಯಾರೂ ನಟಿಸಿಲ್ಲ. ಕಳೆದ ವಾರದ ಕೋಡ್ ಪರಿಶೀಲನೆಯ ಸಭೆಯಲ್ಲಿ ಎಲ್ಲರ ಒಪ್ಪಿಗೆ ಪಡೆದು ಮೇಜಿನ ಮೇಲೆ ಇಟ್ಟಿದ್ದ ಕ್ಯಾಮೆರಾದಲ್ಲಿ ಸಿಕ್ಕ ಮಾತುಗಳು ಇವು. ಆದ್ದರಿಂದ ಒಂದು ಪದವನ್ನೂ ತಿದ್ದಬಾರದು.

0–3 ಸೆಕೆಂಡ್
ತೀರಾ ಹತ್ತಿರದ ದೃಶ್ಯ. ಮೇಜಿನ ಮೇಲೆ ಪ್ರಿಂಟರ್‌ನಿಂದ ಬಂದ, ಆಸ್ಪತ್ರೆಯಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ನಮ್ಮ ತಂತ್ರಾಂಶದ ಎರಡು ಟೋಕನ್ ಚೀಟಿಗಳು. ಎರಡರಲ್ಲೂ ಅಚ್ಚಾಗಿರುವುದು 27. ಒಂದು ಬೆರಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.
ಇಂಟರ್ನ್ (ಮುಖ ಕಾಣುವುದಿಲ್ಲ): ಇಬ್ಬರು ರೋಗಿಗಳಿಗೂ ಇಪ್ಪತ್ತೇಳೇ ಬಂದಿದೆ.

3–14 ಸೆಕೆಂಡ್
ವೀಡಿಯೋದ ಜೀವ ಇಲ್ಲಿದೆ. ಒಂದೇ ಶಾಟ್, ಮಧ್ಯೆ ಕತ್ತರಿ ಹಾಕಬೇಡಿ. ಮೇಜಿನ ಸುತ್ತ ನಾಲ್ವರು, ಎದುರಿನ ಪರದೆಯಲ್ಲಿ ಕೋಡ್.
ಇಂಟರ್ನ್: ಎರಡು ಕೌಂಟರ್‌ನಲ್ಲಿ ಒಂದೇ ಕ್ಷಣಕ್ಕೆ ಬಟನ್ ಒತ್ತಿದರೆ ಏನಾಗುತ್ತದೆ?
ಎರಡು ಸೆಕೆಂಡ್ ಯಾರೂ ಮಾತನಾಡುವುದಿಲ್ಲ. ಹಿರಿಯ ಇಂಜಿನಿಯರ್ ಪರದೆಯನ್ನೇ ನೋಡುತ್ತಾರೆ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಾರೆ.
ಹಿರಿಯ ಇಂಜಿನಿಯರ್: ಅದನ್ನು ನಾನು ಯೋಚಿಸಿರಲಿಲ್ಲ. ಬನ್ನಿ, ಪರೀಕ್ಷೆ ಮಾಡಿಯೇ ನೋಡೋಣ.
ಸಂಕಲನ ಮಾಡುವವರಿಗೆ: ಆ ಎರಡು ಸೆಕೆಂಡ್ ಮೌನವನ್ನು ವೇಗಕ್ಕಾಗಿ ಕತ್ತರಿಸುವ ಆಸೆ ಖಂಡಿತ ಬರುತ್ತದೆ. ಕತ್ತರಿಸಬೇಡಿ. ಹೊಸಬರ ಪ್ರಶ್ನೆಗೆ ಹಿರಿಯರು ತಡವರಿಸಿ, ತಮಗೆ ಹೊಳೆದಿರಲಿಲ್ಲ ಎಂದು ಎಲ್ಲರೆದುರು ಹೇಳಿದ ಗಳಿಗೆ ಅದು. ‘ನಾವು ಕಲಿಯುವ ತಂಡ’ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಇಷ್ಟು ನಂಬಿಕೆ ಬರುವುದಿಲ್ಲ.

14–18 ಸೆಕೆಂಡ್
ಇಂಟರ್ನ್ ಕೈ ಕೀಬೋರ್ಡ್ ಮೇಲೆ, ಹಿರಿಯರು ಪಕ್ಕದಲ್ಲಿ. ಪರೀಕ್ಷೆ ವಿಫಲವಾಗಿ ಪರದೆಯಲ್ಲಿ ಕೆಂಪು ಸಾಲು ಮೂಡುತ್ತದೆ. ಕೂಡಲೇ ಬಿಳಿ ಹಲಗೆ: ‘ಏನಾಯಿತು? ಮೊದಲೇ ಏಕೆ ಸಿಗಲಿಲ್ಲ? ಈಗೇನು?’ ‘ಯಾರು ಮಾಡಿದ್ದು?’ ಎಂಬ ಪ್ರಶ್ನೆ ಹಲಗೆಯ ಮೇಲಿಲ್ಲ. ಅದನ್ನು ಬೆರಳಿಟ್ಟು ತೋರಿಸಬೇಡಿ, ನೋಡುವವರಿಗೆ ಕಾಣುತ್ತದೆ.
ಪರದೆಯ ಬರಹ: ಇಂಟರ್ನ್ ಕೇಳಿದ ಪ್ರಶ್ನೆಯೇ ಅಂದಿನ ಕೆಲಸವಾಯಿತು.

18–21 ಸೆಕೆಂಡ್
ಕಂಪನಿ ಕಟ್ಟಿದವರು ಹೆಡ್‌ಫೋನ್ ಹಾಕಿಕೊಂಡು ಗ್ರಾಹಕರ ದೂರು ಬರೆದುಕೊಳ್ಳುತ್ತಿದ್ದಾರೆ.
ಪರದೆಯ ಬರಹ: ನಾವು ಒಂಬತ್ತು ಜನ. ಫೋನ್ ಸರದಿ ಎಲ್ಲರಿಗೂ ಇದೆ.

21–27 ಸೆಕೆಂಡ್
ಇಂಟರ್ನ್, ತನ್ನ ಮೇಜಿನಲ್ಲೇ ಕುಳಿತು ಕ್ಯಾಮೆರಾ ನೋಡಿ:
ಮೊದಲ ಎರಡು ವಾರ ಹಳೆಯ ಕೋಡ್ ಓದಿದ್ದೇ ಹೆಚ್ಚು. ಬೇಸರವಾಗಿತ್ತು. ಓದಿದ್ದರಿಂದಲೇ ಆ ಪ್ರಶ್ನೆ ಹೊಳೆಯಿತು.
‘ಬೇಸರವಾಗಿತ್ತು’ ಎಂಬುದನ್ನು ತೆಗೆಯಲು ಯಾರೇ ಹೇಳಿದರೂ ಒಪ್ಪಬಾರದು. ಬೇಸರದ ಭಾಗವನ್ನು ಮುಚ್ಚಿಟ್ಟು ಕರೆದರೆ, ಬಂದವರು ಎರಡನೇ ವಾರದಲ್ಲಿ ಮೋಸಹೋದೆವು ಎಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಂಡರೆ ತಪ್ಪು ನಮ್ಮದೇ.

27–30 ಸೆಕೆಂಡ್
ಸರಳ ಬಣ್ಣದ ಹಿನ್ನೆಲೆ. ಮೂರೇ ಸಾಲು:
ಇಬ್ಬರು ಇಂಟರ್ನ್ ಬೇಕು.
ಆರು ತಿಂಗಳು, ಪ್ರತಿ ತಿಂಗಳೂ ಸ್ಟೈಪೆಂಡ್.
ಅರ್ಜಿ ಕೆಳಗಿದೆ.

ಪ್ರಕಟಿಸುವ ಮುನ್ನ: ಪರದೆಯಲ್ಲಿ ಆಸ್ಪತ್ರೆಯ ಅಥವಾ ರೋಗಿಯ ಹೆಸರು ಒಂದು ಫ್ರೇಮಿನಲ್ಲಿ ಕಂಡರೂ ಮಸುಕು ಮಾಡಿ. ಚೀಟಿಗಳು ಪರೀಕ್ಷಾ ದತ್ತಾಂಶದ್ದು, ಅವು ಹಾಗೆಯೇ ಇರಲಿ. ಅಂತಿಮ ಪ್ರತಿಯನ್ನು ಮೊದಲು ಇಂಟರ್ನ್‌ಗೆ ತೋರಿಸಿ. ಬೇಡವೆಂದರೆ ಆ ದೃಶ್ಯ ಹೋಗಲಿ, ಮಾತು ಬೆಳೆಸುವುದು ಬೇಡ.

ವೀಡಿಯೋದ ಕೆಳಗಿನ ಬರಹ
ಆಸ್ಪತ್ರೆಗಳಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಒಂದು ಟೋಕನ್ ತಪ್ಪಿದರೆ ಕಾಯಿಲೆಯಲ್ಲಿರುವ ಒಬ್ಬರು ಇನ್ನಷ್ಟು ಹೊತ್ತು ಕಾಯಬೇಕಾಗುತ್ತದೆ, ಹಾಗಾಗಿ ಪರೀಕ್ಷೆ ಬರೆಯುವ ಕೆಲಸ ನಿಮಗೆ ಬಹಳ ಇರುತ್ತದೆ. ಮೊದಲ ತಿಂಗಳಲ್ಲೇ ನೀವು ಬರೆದ ಕೋಡ್ ಬಳಕೆಗೆ ಹೋಗುತ್ತದೆ, ಒಬ್ಬ ಹಿರಿಯರು ಸಾಲು ಸಾಲಾಗಿ ಓದಿದ ನಂತರ. ಅಂಕಪಟ್ಟಿ ಕಳುಹಿಸಬೇಡಿ. ನೀವು ಬಿಡಿಸಲು ಒದ್ದಾಡಿದ ಒಂದು ತಾಂತ್ರಿಕ ಸಮಸ್ಯೆಯನ್ನು, ಬಿಡಿಸಲಾಗದಿದ್ದರೂ ಸರಿ, ಒಂದು ಪುಟದಲ್ಲಿ ಬರೆಯಿರಿ. ಬಂದ ಪ್ರತಿ ಅರ್ಜಿಗೂ, ಆಯ್ಕೆಯಾಗದಿದ್ದರೂ, ಉತ್ತರ ಬರೆಯುತ್ತೇವೆ.