ಓದು ಬಾರದಿದ್ದರೂ ಆಡಿಸಬಹುದು: ಮನೆಯ ಆಟದ ಕಾರ್ಡುಗಳು

ಮೊದಲ ಕಾರ್ಡ್: ಅಪ್ಪ ಅಮ್ಮನಿಗೆ

ಈ ಕಾರ್ಡುಗಳು 3ರಿಂದ 6 ವರ್ಷದ ಮಕ್ಕಳಿರುವ ಮನೆಗೆ. ನಿಮಗೆ ಓದಲು ಬಾರದಿದ್ದರೆ ದೊಡ್ಡ ಮಗಳೋ ಪಕ್ಕದ ಮನೆಯವರೋ ಒಂದು ಸಲ ಓದಿ ಹೇಳಲಿ. ಪ್ರತಿ ಕಾರ್ಡಿನ ಮೂಲೆಯಲ್ಲಿ ಒಂದು ಚಿತ್ರ ಇದೆ. ಮುಂದಿನ ಸಲ ಆ ಚಿತ್ರ ನೋಡಿದರೆ ಆಟ ನೆನಪಾಗುತ್ತದೆ.

"ನಾನೇ ಓದಿಲ್ಲ, ಮಗುವಿಗೆ ಏನು ಕಲಿಸಲಿ?" ಅನ್ನಿಸಬಹುದು. ನಿಮ್ಮ ಮಗುವಿಗೆ ಮಾತು ಕಲಿಸಿದ್ದು ಯಾರು? ನೀವೇ ಅಲ್ವಾ? ಆಗ ಪುಸ್ತಕ ಇರಲಿಲ್ಲ. ಇದೂ ಹಾಗೇ.

ದಿನಕ್ಕೆ ಒಂದು ಆಟ, 10 ನಿಮಿಷ. ಮಗುವಿಗೆ ಬೇಜಾರಾದರೆ ಅಲ್ಲಿಗೇ ಬಿಡಿ. ಮನೆಯಲ್ಲಿ ಆಡುವ ಮಾತಿನಲ್ಲೇ ಆಡಿಸಿ. ಯಾವುದನ್ನೂ ಕೊಳ್ಳಬೇಡಿ.

ಒಂದು ವಿಷಯ ಮಾತ್ರ ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಮನಸ್ಸಿನಲ್ಲೇ 5ರವರೆಗೆ ಎಣಿಸಿ. ನಮ್ಮ ಬಾಯಿ ಸುಮ್ಮನಿರೋದಿಲ್ಲ, ಉತ್ತರ ಹೇಳಿಬಿಡುತ್ತೇವೆ. ಮಗು ಯೋಚಿಸುವುದು ಆ ಸುಮ್ಮನಿರುವ ಹೊತ್ತಿನಲ್ಲೇ.

ಎಚ್ಚರ: 3 ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ, ಗುಂಡಿ, ಕಲ್ಲು, ಮುಚ್ಚಳ ಅವರ ಕೈಗೆ ಸಿಗಬಾರದು. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಟ ಮುಗಿದ ಮೇಲೆ ಎಣಿಸಿ ಎತ್ತಿಡಿ. ಎಣಿಸುವ ಕೆಲಸ ದೊಡ್ಡ ಮಗುವಿಗೇ ಕೊಡಿ.

ಕಾರ್ಡ್ 1: ಬಟ್ಟೆ ಆಟ (ಚಿತ್ರ: ಮಡಚಿದ ಅಂಗಿ)

ಒಣಗಿದ ಬಟ್ಟೆ ಮಡಚುವಾಗ ಆಡಿಸಿ. ಅದಕ್ಕೆಂದೇ ಬೇರೆ ಸಮಯ ಬೇಡ.

"ದೊಡ್ಡವರ ಬಟ್ಟೆ ಇಲ್ಲಿ, ಚಿಕ್ಕವರದು ಅಲ್ಲಿ ಇಡು." ಆಮೇಲೆ ಅದೇ ಬಟ್ಟೆಯನ್ನು ಬಣ್ಣ ನೋಡಿ ಬೇರೆ ಮಾಡಿಸಿ. ಅದೇ ಅಂಗಿ ಈಗ ಬೇರೆ ಗುಂಪಿಗೆ ಹೋಯಿತು! ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಇದು ರೂಢಿಯಾದ ಮೇಲೆ ಆಟ ತಿರುಗಿಸಿ. ಮಗುವೇ ಗುಂಪು ಮಾಡಲಿ, ಯಾಕೆ ಹಾಗೆ ಮಾಡಿತು ಅಂತ ನೀವು ಊಹಿಸಿ. ಒಂದೆರಡು ಸಲ ಬೇಕಂತಲೇ ತಪ್ಪು ಹೇಳಿ. ಮಗು ನಿಮಗೆ ವಿವರಿಸಲು ಎಷ್ಟು ಮಾತಾಡುತ್ತದೆ ನೋಡಿ.

ಕಾರ್ಡ್ 2: ಮುಟ್ಟಿ ಎಣಿಸು (ಚಿತ್ರ: ಬಾಟಲಿ ಮುಚ್ಚಳ)

ಮೂರು ಮುಚ್ಚಳದಿಂದ ಶುರು ಮಾಡಿ, ಹತ್ತರಿಂದ ಅಲ್ಲ. ಸಾಲಾಗಿ ಇಡಿ. ಒಂದನ್ನು ಮುಟ್ಟಿದರೆ ಒಂದೇ ಸಂಖ್ಯೆ.

ಇಪ್ಪತ್ತರವರೆಗೆ ಗಡಗಡ ಹೇಳುವ ಮಗು ಐದು ಮುಚ್ಚಳ ಎಣಿಸಲು ತಡವರಿಸಬಹುದು. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. "ತಪ್ಪು" ಅನ್ನಬೇಡಿ. ಆ ಪುಟ್ಟ ಬೆರಳು ಹಿಡಿದು ಜೊತೆಯಲ್ಲೇ ನಿಧಾನವಾಗಿ ಎಣಿಸಿ. ಎಣಿಸಿದ್ದನ್ನು ಪಕ್ಕಕ್ಕೆ ಸರಿಸಿದರೆ ಇನ್ನೂ ಸುಲಭ.

ಎಣಿಸಿ ಮುಗಿದ ಮೇಲೆ ಕೇಳಿ: "ಒಟ್ಟು ಎಷ್ಟು?" ಎಷ್ಟೋ ಮಕ್ಕಳು ಮತ್ತೆ "ಒಂದು, ಎರಡು..." ಅಂತ ಮೊದಲಿನಿಂದ ಶುರು ಮಾಡುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅಂತ ಅವರಿಗೆ ಇನ್ನೂ ಹೊಳೆದಿಲ್ಲ, ಅಷ್ಟೇ. ದಡ್ಡತನ ಅಲ್ಲ. ನೀವು ಕೈ ಸುತ್ತಾಡಿಸಿ ಹೇಳಿ: "ಒಂದು, ಎರಡು, ಮೂರು. ಇಲ್ಲಿ ಮೂರು ಇದೆ."

ಒಂದು ತಮಾಷೆ: ಐದೈದು ಮುಚ್ಚಳದ ಎರಡು ಸಾಲು ಮಾಡಿ. ಮಗುವಿನ ಕಣ್ಣೆದುರೇ ಒಂದು ಸಾಲನ್ನು ಅಗಲವಾಗಿ ಹರಡಿ. "ಯಾವುದರಲ್ಲಿ ಜಾಸ್ತಿ ಇದೆ?" ಉದ್ದದ ಸಾಲನ್ನೇ ತೋರಿಸುವ ಮಕ್ಕಳು ಬಹಳ. ವಾದ ಬೇಡ. ಇಬ್ಬರೂ ಸೇರಿ ಎಣಿಸಿ ನೋಡಿ. ಎಣಿಸಿದ ಮೇಲೂ ಒಪ್ಪದಿದ್ದರೆ ಬಿಟ್ಟುಬಿಡಿ, ವಯಸ್ಸಾದ ಹಾಗೆ ತಾನೇ ತಿಳಿಯುತ್ತದೆ.

ಕಾರ್ಡ್ 3: ಮುಷ್ಟಿಯಲ್ಲಿ ಎಷ್ಟು? (ಚಿತ್ರ: ಮುಚ್ಚಿದ ಕೈ)

ಐದು ಕಲ್ಲು ತೋರಿಸಿ. ಎರಡನ್ನು ಮುಷ್ಟಿಯಲ್ಲಿ ಬಚ್ಚಿಡಿ, ಉಳಿದದ್ದು ನೆಲದ ಮೇಲಿರಲಿ. "ನನ್ನ ಕೈಯಲ್ಲಿ ಎಷ್ಟಿದೆ?" ಮಗು ಬೆರಳು ಮಡಚಿ ಲೆಕ್ಕ ಹಾಕಲಿ, ಬೇಡ ಅನ್ನಬೇಡಿ. ಆಮೇಲೆ ಮಗು ಬಚ್ಚಿಡಲಿ, ನೀವು ಹೇಳಿ. ಕಳೆಯುವ ಲೆಕ್ಕ ಅಂದರೆ ಇದೇ, ಸ್ಲೇಟು ಬಳಪ ಇಲ್ಲದೆ.

ಕಾರ್ಡ್ 4: ಚಪ್ಪಾಳೆ ಮಾತು (ಚಿತ್ರ: ಎರಡು ಕೈ)

ಕೆಲಸ ಮಾಡುತ್ತಲೇ ಆಡಬಹುದಾದ ಆಟ. ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಮಗುವಿನ ಹೆಸರಿನಿಂದ ಶುರು ಮಾಡಿ. ಹೆಸರನ್ನು ಮುರಿದು ಮುರಿದು ಹೇಳಿ, ಪ್ರತಿ ತುಂಡಿಗೆ ಒಂದು ಚಪ್ಪಾಳೆ. ಮ-ನೆ, ಎರಡು. ಬಾ-ಗಿ-ಲು, ಮೂರು. ಯಾವ ಮಾತಿಗೆ ಜಾಸ್ತಿ ಚಪ್ಪಾಳೆ ಬಂತು?

ಮುಂದೆ: "ಮ ಅಂತ ಶುರುವಾಗೋದು ಏನೇನಿದೆ?" ಮರ, ಮಳೆ, ಮಣ್ಣು. ಅಕ್ಷರ ಬರೆಯೋದು ಬೇಡ, ಕಿವಿಗೆ ಕೇಳಿದರೆ ಸಾಕು. ಮುಂದೆ ಅಕ್ಷರ ಕಲಿಯುವಾಗ ಈ ಕಿವಿಯೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಆಟ ನಮ್ಮ ಮಾತಿನಲ್ಲೇ ಇದೆ. ಮರ ಗಿರ. ಚಾಪೆ ಗೀಪೆ. ನೀರು ಗೀರು. ನೀವು "ಬಾಗಿಲು" ಅನ್ನಿ, ಮಗು "ಗೀಗಿಲು" ಅನ್ನಲಿ. ನಗುತ್ತಾ ನಗುತ್ತಾ ಮೊದಲ ಸದ್ದು ತೆಗೆದು ಬೇರೆ ಸದ್ದು ಹಾಕುತ್ತಿದೆ ನೋಡಿ! "ಗಿಡ" ಅಂದರೆ ಏನು ಹೇಳಬೇಕು? ಅದನ್ನು ಮಗುವೇ ಪತ್ತೆ ಮಾಡಲಿ.

ಕಾರ್ಡ್ 5: ಚಿತ್ರ ನೋಡಿ ಮಾತು (ಚಿತ್ರ: ತೆರೆದ ಪುಸ್ತಕ)

ಪುಸ್ತಕ ಇದ್ದರೆ ಪುಸ್ತಕ, ಇಲ್ಲದಿದ್ದರೆ ಹಳೆಯ ಕ್ಯಾಲೆಂಡರ್, ಡಬ್ಬಿಯ ಮೇಲಿನ ಚಿತ್ರ. ಅಕ್ಷರ ಓದಬೇಕಿಲ್ಲ. ಮಗು ಪಕ್ಕದಲ್ಲಿ ಕೂರಲಿ, ಪುಟ ಅದೇ ತಿರುಗಿಸಲಿ.

"ಇದೇನು?" ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಬರುತ್ತದೆ. "ಈ ಹುಡುಗ ಯಾಕೆ ಓಡ್ತಿದ್ದಾನೆ?" ಅಂತ ಕೇಳಿ. ಕಥೆ ಹುಟ್ಟುತ್ತದೆ.

ಮಗು "ನಾಯಿ" ಅಂದರೆ ನೀವು "ಹೌದು, ಕಪ್ಪು ನಾಯಿ. ಬಾಲ ಅಲ್ಲಾಡಿಸ್ತಿದೆ" ಅನ್ನಿ. ಅದು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ, ಅಷ್ಟು ಸಾಕು. ಅದೇ ಪುಸ್ತಕ ಹತ್ತು ಸಲ ಬೇಕು ಅಂದರೂ ಬೇಸರ ಮಾಡಬೇಡಿ. ನಿಮಗೆ ಸಾಕಾಗಿರುತ್ತದೆ, ಮಗುವಿಗೆ ಆಗಿರೋದಿಲ್ಲ.

ಕಾರ್ಡ್ 6: ಯಾವುದು ಮಾಯ? (ಚಿತ್ರ: ಬಟ್ಟೆ ಮುಚ್ಚಿದ ತಟ್ಟೆ)

ತಟ್ಟೆಯಲ್ಲಿ ನಾಲ್ಕು ಸಾಮಾನು: ಚಮಚ, ಬಾಚಣಿಗೆ, ಬೀಗ, ಲೋಟ. ಹೆಸರು ಹೇಳಿಸಿ, ಬಟ್ಟೆ ಮುಚ್ಚಿ, ಒಂದನ್ನು ಮೆಲ್ಲಗೆ ತೆಗೆಯಿರಿ. ಸುಲಭ ಅನ್ನಿಸಿದರೆ ಐದು, ಆರು.

ಕಾರ್ಡ್ 7: ನಿಲ್ಲು! (ಚಿತ್ರ: ಅಂಗೈ)

ತಟ್ಟೆ ಬಡಿಯಿರಿ, ಮಗು ಕುಣಿಯಲಿ. ಸದ್ದು ನಿಂತರೆ ಕಲ್ಲಿನ ಹಾಗೆ ನಿಲ್ಲಬೇಕು. ನಾಲ್ಕು ದಿನ ಆದ ಮೇಲೆ ಉಲ್ಟಾ ಮಾಡಿ: ಸದ್ದು ಬಂದರೆ ನಿಲ್ಲು, ನಿಂತರೆ ಕುಣಿ. ದೊಡ್ಡವರೇ ಸೋಲುತ್ತಾರೆ. ತನ್ನನ್ನು ತಾನು ತಡೆದುಕೊಳ್ಳುವುದನ್ನು ಬೈದು ಕಲಿಸುವುದಕ್ಕಿಂತ ಇದು ಸುಲಭ.

ಕಾರ್ಡ್ 8: ಎಷ್ಟು ಲೋಟ ನೀರು? (ಚಿತ್ರ: ಲೋಟ)

ಒಂದು ಲೋಟ, ಎರಡು ಮೂರು ಪಾತ್ರೆ. "ಈ ಪಾತ್ರೆ ತುಂಬೋಕೆ ಎಷ್ಟು ಲೋಟ ಬೇಕು?" ಮೊದಲು ಊಹೆ, ಆಮೇಲೆ ಸುರಿದು ನೋಡೋದು. ಎತ್ತರದ ಪಾತ್ರೆಯಲ್ಲೇ ಜಾಸ್ತಿ ಹಿಡಿಯುತ್ತದೆ ಅಂತ ಮಗು ಹೇಳಬಹುದು. ಸುರಿದಾಗ ಗೊತ್ತಾಗಲಿ.

ಮಗುವನ್ನು ನೀರಿನ ಹತ್ತಿರ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಆಟ ಮುಗಿದ ಕೂಡಲೇ ಪಾತ್ರೆ ಖಾಲಿ ಮಾಡಿ. ಬಕೆಟ್ಟಿನ ತಳದಲ್ಲಿ ಉಳಿದ ಸ್ವಲ್ಪ ನೀರಿನಲ್ಲೂ ಚಿಕ್ಕ ಮಕ್ಕಳು ಮುಳುಗಿಬಿಡುತ್ತಾರೆ.

ಕಾರ್ಡ್ 9: ಇವತ್ತಿನ ಕಥೆ (ಚಿತ್ರ: ಚಂದ್ರ)

ಮಲಗುವಾಗ. ನಿಮ್ಮ ದಿನ ಹೇಗಿತ್ತು ಅಂತ ಮೊದಲು ನೀವು ಹೇಳಿ: "ಬೆಳಿಗ್ಗೆ ಎದ್ದೆ. ಆಮೇಲೆ ಮಳೆ ಬಂತು. ಅದಕ್ಕೇ ನೆನೆದೆ." ಈಗ ಮಗುವಿನ ಸರದಿ. ಹಿಂದುಮುಂದಾಗಿ ಹೇಳಿದರೂ ತಿದ್ದಬೇಡಿ. "ಅದಕ್ಕಿಂತ ಮೊದಲು ಏನಾಯ್ತು?" ಅಂತ ಮಾತ್ರ ಕೇಳಿ. ಮಧ್ಯದಲ್ಲೇ ನಿದ್ದೆ ಬಂದರೆ ಉಳಿದದ್ದು ನಾಳೆ.